ಗರಿಗರಿ ಪಕ್ಷ, ಮೆತ್ತನೆ ಪಕ್ಷ ಮತ್ತು ಮಾವನವರ ಕಣ್ಣುಕಟ್ಟು ಪರೀಕ್ಷೆ

ಠಾಣೆ ತನುಜಾ

ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಆರು ತಿಂಗಳಿಂದ ಶುಭೋದಯದ ಹೂವು, ಹುಟ್ಟುಹಬ್ಬದ ಕೇಕು ಬಿಟ್ಟರೆ ಏನೂ ಇರಲಿಲ್ಲ. ಕಳೆದ ವಾರ ರಾತ್ರಿ ಹತ್ತು ಗಂಟೆಗೆ ನನ್ನ ಗಂಡ ಒಂದು ಮೀಮ್ ಹಾಕಿದರು. ಎರಡು ದೋಸೆ, ಚುನಾವಣೆ ಪೋಸ್ಟರಿನ ಹಾಗೆ. ಒಂದು ಕಡೆ ಗರಿಗರಿ ಪಕ್ಷ, ಇನ್ನೊಂದು ಕಡೆ ಮೆತ್ತನೆ ಪಕ್ಷ, ನಡುವೆ ಬೆಣ್ಣೆ ಪಕ್ಷೇತರ. ಬೆಳಗ್ಗೆ ಎದ್ದು ನೋಡಿದರೆ ನೂರನಲವತ್ತು ಮೆಸೇಜು. ಆಸ್ತಿ ಭಾಗವಾದ ಮೇಲೆ ಮಾತು ಬಿಟ್ಟಿದ್ದ ದೊಡ್ಡಪ್ಪನ ಮಗ ಕೂಡ ಎದ್ದು ಬಂದು "ಮೆತ್ತಗಿನ ದೋಸೆ ಹಲ್ಲಿಲ್ಲದವರಿಗೆ" ಅಂತ ಬರೆದಿದ್ದ!

ಮಾವನವರು ಮೈಸೂರಿನವರು, ಮೆತ್ತನೆ ಪಕ್ಷದ ಅಧ್ಯಕ್ಷರು. ಅವರ ವಾದ ಇಷ್ಟೇ: ದೋಸೆ ಗರಿಗರಿ ಆದರೆ ನಾಲಿಗೆಗೆ ಸಿಗುವುದು ಶಬ್ದ ಮಾತ್ರ, ಕೆಟ್ಟ ಹಿಟ್ಟನ್ನೂ ಅದರಲ್ಲಿ ಬಚ್ಚಿಡಬಹುದು. ಮೆತ್ತಗಿನದರಲ್ಲಿ ಹಿಟ್ಟಿನ ರುಚಿ ಬಯಲಾಗುತ್ತದೆ. "ಕಣ್ಣು ಕಟ್ಟಿ ಕೊಡು, ಗ್ರೈಂಡರ್ ಹಿಟ್ಟೋ ಮಿಕ್ಸಿ ಹಿಟ್ಟೋ ಹೇಳ್ತೀನಿ" ಅಂದುಬಿಟ್ಟರು. ಭಾನುವಾರ ಹೇಳಿಸಿಯೇಬಿಟ್ಟೆವು.

ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು, ಒಂದು ಚಮಚ ಮೆಂತ್ಯ, ಒಂದು ಹಿಡಿ ಅವಲಕ್ಕಿ. ಒಟ್ಟಿಗೇ ನೆನೆಸಿ, ಅರ್ಧ ನಮ್ಮ ಮಿಕ್ಸಿಯಲ್ಲಿ, ಅರ್ಧ ಮೇಲಿನ ಮಹಡಿಯ ತಮಿಳು ಮಾಮಿಯ ಗ್ರೈಂಡರಿನಲ್ಲಿ ರುಬ್ಬಿದ್ದು. ರಾತ್ರಿಯಿಡೀ ಪಕ್ಕಪಕ್ಕದಲ್ಲೇ ಇಟ್ಟೆ. ಬೆಳಗ್ಗೆ ನಾಲ್ಕು ಗ್ರೈಂಡರ್ ದೋಸೆ, ನಾಲ್ಕು ಮಿಕ್ಸಿ ದೋಸೆ, ಮುಚ್ಚಳ ಮುಚ್ಚಿ ಮೆತ್ತಗೆ ಬೇಯಿಸಿ ಒಂದಾದ ಮೇಲೊಂದು ಕೊಟ್ಟೆ. ಚಟ್ನಿ ಇಲ್ಲ. ಮಾವನವರ ಕಣ್ಣಿಗೆ ಅವರದ್ದೇ ಶಲ್ಯ. ಎಂಟರಲ್ಲಿ ಆರು ಸರಿ ಹೇಳಿದರು. ಎರಡನೆಯದು, ಏಳನೆಯದು ತಪ್ಪಿತು.

ಈಗ ಮನೆಯಲ್ಲಿ ಅರ್ಧ ಜನ ಗೆದ್ದರು ಅನ್ನುತ್ತಾರೆ, ಅರ್ಧ ಜನ ಅದು ಅಂದಾಜು ಅನ್ನುತ್ತಾರೆ. ಇಲ್ಲಿರುವವರು ತೀರ್ಪು ಕೊಡಿ. ಇನ್ನೊಂದು, ಇಷ್ಟು ಕ್ಷುಲ್ಲಕ ವಿಷಯಕ್ಕೆ ನಾವೆಲ್ಲ ಇಷ್ಟು ಖುಷಿಪಟ್ಟಿದ್ದು ಯಾಕೆ?

ವಾಶಿ ವಸಂತ

ಆರು ಬಂದರೆ ಶೇಕಡಾ 75. ಡಿಸ್ಟಿಂಕ್ಷನ್! ಇನ್ನೇನು ತೀರ್ಪು ಬೇಕು?

ಗರಿಗರಿ ಬೇಕಾದರೆ ಇಷ್ಟೆಲ್ಲ ತಲೆಬಿಸಿ ಬೇಡ, ಚಿಟಿಕೆ ಸೋಡಾ, ಚಮಚ ಸಕ್ಕರೆ ಹಾಕಿ. ಹೋಟೆಲಿನವರ ಗುಟ್ಟು ಅದೇ.

ಮಾಟುಂಗದ ಭಟ್ರು

ವಸಂತಣ್ಣ, ಇಪ್ಪತ್ತೆಂಟು ವರ್ಷ ಮಾಟುಂಗದಲ್ಲಿ ಕಾವಲಿ ಮುಂದೆ ನಿಂತವ ನಾನು. ಸಕ್ಕರೆ ಹಾಕುದುಂಟು, ಸುಳ್ಳಲ್ಲ. ಆದ್ರೆ ಅದು ಬಣ್ಣಕ್ಕೆ. ಸೋಡಾ ಹಾಕಿದ್ರೂ ಬೇಗ ಕೆಂಪಾಗ್ತದೆ, ತೂತು ಜಾಸ್ತಿ ಬೀಳ್ತದೆ. ಕೆಂಪಾದದ್ದೆಲ್ಲ ಗರಿಗರಿ ಅಲ್ಲ ಮಾರಾಯ್ರೆ. ಕೆಂಪಗೆ ಇದ್ದು ಚರ್ಮದ ಹಾಗೆ ಜಗ್ಗುವ ದೋಸೆ ನೀವು ತಿಂದಿರ್ಲಿಕ್ಕಿಲ್ವಾ? ಅದೇ ಈ ಸೋಡಾ ಗಿರಾಕಿ.

ಗರಿಗರಿ ಅಂದ್ರೆ ನೀರು ಹೋಗಬೇಕು, ಅಷ್ಟೆ. ತೆಳ್ಳಗೆ ಎಳೀಬೇಕು, ಮುಚ್ಚಳ ಹಾಕ್ಲಿಕ್ಕಿಲ್ಲ, ಅವಸರ ಮಾಡ್ಲಿಕ್ಕಿಲ್ಲ. ಹೋಟೆಲಿಗೆ ನಾವು ನಾಲ್ಕಕ್ಕೆ ಒಂದು ಉದ್ದು ಹಾಕಿ, ಮುಷ್ಟಿ ಕಡ್ಲೆಬೇಳೆ ಸೇರಿಸ್ತಿದ್ದೆವು. ಉದ್ದು ಜಾಸ್ತಿಯಾದ್ರೆ ಮೆತ್ತಗೆ, ಅವಲಕ್ಕಿ ಜಾಸ್ತಿಯಾದ್ರೆ ಇನ್ನೂ ಮೆತ್ತಗೆ. ಕಾವಲಿಗೆ ನೀರು ಚಿಮುಕಿಸಿ ಹಿಡಿಸೂಡಿಯಲ್ಲಿ ಗುಡಿಸುದು ನೋಡಿದ್ದೀರಲ್ಲ, ಜನ ಅದು ಸ್ವಚ್ಛ ಮಾಡ್ಲಿಕ್ಕೆ ಅಂದ್ಕೊಳ್ತಾರೆ. ಸ್ವಚ್ಛವೂ ಹೌದು, ಆದ್ರೆ ಮುಖ್ಯ ಕೆಲಸ ಕಾವಲಿಯ ಬಿಸಿ ಇಳಿಸುದು. ಅತಿ ಬಿಸಿ ಇದ್ರೆ ಹಿಟ್ಟು ಬಿದ್ದಲ್ಲೇ ಹಿಡ್ಕೊಂಡು ಸೌಟಿನ ಹಿಂದೆ ಮುದ್ದೆಯಾಗಿ ಬರ್ತದೆ, ತೆಳ್ಳಗೆ ಎಳೀಲಿಕ್ಕೆ ಆಗುದಿಲ್ಲ. ಎಳೆದ ಮೇಲೆ ಬಿಸಿ ಬೇಕು, ಎಳೆಯುವಾಗ ಬೇಡ.

ನಿಜವಾಗಿ ಗರಿಗರಿಯಾ ಅಂತ ನೋಡ್ಲಿಕ್ಕೆ ಅಂಚು ಹಿಡಿದು ಎತ್ತಿ. ಹಲಗೆಯ ಹಾಗೆ ನಿಂತ್ರೆ ಆಯ್ತು. ಬಾವುಟದ ಹಾಗೆ ತೂಗಿದ್ರೆ ಇನ್ನೂ ನೀರುಂಟು.

ಪುಣೆಯ ಧಾರವಾಡಿ

ದೋಸೆ ಬಿಡ್ರೀ, ಚಾ ಏನ್ ಮಾಡೀರಿ? ಇಲ್ಲೆ ಪುಣೇದಾಗ ಅಮೃತತುಲ್ಯ ಅಂಗಡಿಯೊಳಗ ಹಿತ್ತಾಳಿ ಪಾತ್ರೆದಾಗ ಯಾಲಕ್ಕಿ ಹಾಕಿ ಕುದಸ್ತಾರ, ಅದನ್ನ ಕುಡುದ ಮ್ಯಾಲೆ ಕಾಫಿ ಅನ್ನೋ ಶಬ್ದಾನೇ ಮರೀತದ. ನಮ್ಮ ಊರಾಗ ಕಾಫಿ ಅಂದ್ರ ಜ್ವರಾ ಬಂದವರಿಗೆ ಕೊಡೋದು. ನಿಮ್ಮ ಮೈಸೂರು ಮಾವನವರು ಬರ್ಲಿ, ಕಣ್ಣು ಕಟ್ಟದ ಚಾ ಕುಡಸ್ತೇನಿ.

ಗೋರೆಗಾಂವ್ ಅಂಕಿ ಮೇಷ್ಟ್ರು

ಧಾರವಾಡಿಯವರು ದಾರಿ ತಪ್ಪಿಸಲು ನೋಡಿದರೂ ಸರಿಯಾದ ಜಾಗಕ್ಕೇ ತಂದುಬಿಟ್ಟಿದ್ದಾರೆ. ತನುಜಾ ಅವರು ಮಾಡಿದ ಪರೀಕ್ಷೆ ನೂರು ವರ್ಷದ ಹಿಂದೆ ಚಹಾದ ಮೇಲೆಯೇ ನಡೆದದ್ದು. ನಾನು ಕಾಲೇಜಿನಲ್ಲಿ ಇದನ್ನು ಪ್ರತಿವರ್ಷ ಹೇಳುತ್ತೇನೆ, ಮಕ್ಕಳು ಪ್ರತಿವರ್ಷ ನಿದ್ದೆ ಮಾಡುತ್ತಾರೆ. ದೋಸೆಯ ಹೆಸರಿನಲ್ಲಿ ಇವತ್ತಾದರೂ ಕೇಳುವವರು ಸಿಕ್ಕರು.

1920ರ ದಶಕದ ಮೊದಲ ವರ್ಷಗಳು, ಇಂಗ್ಲೆಂಡಿನ ರೋಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರ. ಅಲ್ಲಿ ಪಾಚಿಗಳ ಮೇಲೆ ಕೆಲಸ ಮಾಡುತ್ತಿದ್ದ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿಗೆ ಸಂಖ್ಯಾಶಾಸ್ತ್ರಜ್ಞ ರೊನಾಲ್ಡ್ ಫಿಶರ್ ಒಂದು ಕಪ್ ಚಹಾ ಕೊಟ್ಟರಂತೆ. ಆಕೆ ಬೇಡವೆಂದರು. ಕಪ್ಪಿಗೆ ಹಾಲು ಮೊದಲು ಹಾಕಿದ್ದರೆ ಮಾತ್ರ ಕುಡಿಯುತ್ತೇನೆ, ಯಾವುದು ಮೊದಲು ಬಿತ್ತೆಂದು ರುಚಿಯಲ್ಲೇ ಹೇಳಬಲ್ಲೆ ಎಂದರು. ಶುದ್ಧ ಕ್ಷುಲ್ಲಕ ಜಗಳ. ಆದರೆ ಫಿಶರ್ ಅದನ್ನು ತಲೆಗೆ ಹಚ್ಚಿಕೊಂಡು, 1935ರಲ್ಲಿ ಪ್ರಯೋಗಗಳನ್ನು ಹೇಗೆ ರೂಪಿಸಬೇಕೆಂದು ಬರೆದ ಪುಸ್ತಕದಲ್ಲಿ ಇದನ್ನೇ ಉದಾಹರಣೆ ಮಾಡಿಕೊಂಡರು. ಅಲ್ಲಿಯೂ ಎಂಟು ಕಪ್, ನಾಲ್ಕು ಹೀಗೆ, ನಾಲ್ಕು ಹಾಗೆ. ಕುಡಿಯುವವರಿಗೆ ನಾಲ್ಕು ನಾಲ್ಕು ಇವೆಯೆಂದು ಮೊದಲೇ ಗೊತ್ತು.

ಈಗ ಲೆಕ್ಕ. ನಿಮ್ಮ ಮಾವನವರಿಗೂ ನಾಲ್ಕು ನಾಲ್ಕು ಎಂದು ಗೊತ್ತಿತ್ತು ಎಂದಿಟ್ಟುಕೊಳ್ಳೋಣ. ಎಂಟರಲ್ಲಿ ನಾಲ್ಕನ್ನು ಆರಿಸಲು 70 ದಾರಿ. ಏನೂ ರುಚಿ ತಿಳಿಯದವನು ಕಣ್ಣುಮುಚ್ಚಿ ಆರಿಸಿದರೆ ಎಂಟೂ ಸರಿ ಬರುವುದು 70ರಲ್ಲಿ 1 ಸಲ. ಆದರೆ ನಾಲ್ಕರಲ್ಲಿ ಮೂರು ಗ್ರೈಂಡರ್ ದೋಸೆ ಹಿಡಿದು ಒಂದನ್ನು ತಪ್ಪಿಸುವ ದಾರಿಗಳು 16 ಇವೆ. ಎರಡೂ ಸೇರಿ 17. ಅಂದರೆ ದೋಸೆಯ ಗಂಧವೇ ಇಲ್ಲದವನು ಕೂತರೂ 70ರಲ್ಲಿ 17 ಸಲ, ಸುಮಾರು ನಾಲ್ಕಕ್ಕೆ ಒಂದು ಸಲ, ನಿಮ್ಮ ಮಾವನವರಷ್ಟು ಅಥವಾ ಅವರಿಗಿಂತ ಚೆನ್ನಾಗಿ ಹೇಳಿಬಿಡುತ್ತಾನೆ. ವಸಂತ್ ಅವರೇ, ಶೇಕಡಾ 75 ಕೇಳಲು ಚೆನ್ನ. ಆದರೆ ಎಂಟೇ ದೋಸೆಯಲ್ಲಿ ಅದಕ್ಕೆ ಅಷ್ಟು ತೂಕವಿಲ್ಲ. ಎಂಟೂ ಸರಿ ಬಂದಿದ್ದರೆ ನಾನು ಎದ್ದುನಿಂತು ಕೈ ಮುಗಿಯುತ್ತಿದ್ದೆ.

ಹಾಗೆಂದು ಅವರಿಗೆ ಗೊತ್ತಾಗುವುದಿಲ್ಲ ಎಂದೂ ಅಲ್ಲ. ಗೊತ್ತಾಗುತ್ತದೆ ಎಂದು ಈ ಪರೀಕ್ಷೆ ತೋರಿಸಲಿಲ್ಲ, ಅಷ್ಟೇ. ತನುಜಾ, ಯಾವ ಕ್ರಮದಲ್ಲಿ ಕೊಟ್ಟಿರಿ?

ಠಾಣೆ ತನುಜಾ

ಒಂದು ಗ್ರೈಂಡರ್, ಒಂದು ಮಿಕ್ಸಿ, ಹಾಗೇ ಸಾಲಾಗಿ. ನೆನಪಿಟ್ಟುಕೊಳ್ಳಲು ಸುಲಭ ಅಂತ. ತಪ್ಪಾ ಮೇಷ್ಟ್ರೇ?

ಗೋರೆಗಾಂವ್ ಅಂಕಿ ಮೇಷ್ಟ್ರು

ಅಯ್ಯೋ. ಚೀಟಿ ಎತ್ತಬೇಕಿತ್ತು. ಒಂದು ಬಿಟ್ಟು ಒಂದು ಎಂದು ಅವರಿಗೆ ಹೊಳೆದಿದ್ದರೆ ಮೊದಲನೆಯದೊಂದು ಗೊತ್ತಾದರೆ ಸಾಕು, ಉಳಿದ ಏಳನ್ನು ಬಾಯಿಗೆ ಇಡದೆಯೇ ಸರಿ ಹೇಳಬಹುದಿತ್ತು. ಎರಡು ತಪ್ಪಿಸಿದ್ದಾರೆಂದರೆ ಪ್ರಾಮಾಣಿಕರು ಎಂಬುದಂತೂ ಸಾಬೀತಾಯಿತು.

ಪುಣೆಯ ಧಾರವಾಡಿ

ಆ ಬಾಯಾರು ಎಂಟೂ ಸರಿ ಹೇಳಿದ್ರೋ ಇಲ್ಲೋ, ಅದನ್ನ ಹೇಳಲೇ ಇಲ್ಲಲ್ರೀ ಸರ?

ಗೋರೆಗಾಂವ್ ಅಂಕಿ ಮೇಷ್ಟ್ರು

ಫಿಶರ್ ಪುಸ್ತಕದಲ್ಲಿ ಫಲಿತಾಂಶವನ್ನೇ ಬರೆದಿಲ್ಲ! ಎಲ್ಲವನ್ನೂ ಸರಿ ಹೇಳಿದರೆಂದು ಆಮೇಲಿನವರು ಕಂಡವರ ಬಾಯಿಂದ ಕೇಳಿ ಬರೆದಿದ್ದಾರೆ. ನನಗೆ ಈ ಕಥೆಯಲ್ಲಿ ಹೆಚ್ಚು ಇಷ್ಟವಾಗುವುದು ಅದೇ. ಜಗಳ ಹೇಗೆ ಬಗೆಹರಿಸಬೇಕೆಂದು ಅಧ್ಯಾಯಗಟ್ಟಲೆ ಬರೆದವರು ಗೆದ್ದದ್ದು ಯಾರೆಂದು ಹೇಳದೆ ಬಿಟ್ಟರು.

ಪುಣೆಯ ಧಾರವಾಡಿ

ಮತ್ತ ನಮ್ಮ ಚಾದಾಗ ಈ ಜಗಳಾನೇ ಇಲ್ಲ ನೋಡ್ರಿ. ಹಾಲು, ನೀರು, ಪುಡಿ, ಸಕ್ರಿ ಎಲ್ಲಾ ಒಂದ ಪಾತ್ರೆದಾಗ ಕೂಡಿ ಕುದೀತಾವ. ಮೊದಲ ಯಾವುದು ಬಿತ್ತು ಅಂತ ಯಾರಪ್ಪಗೂ ತಿಳಿಯೂದಿಲ್ಲ. ಜಗಳ ಬೇಕಂದ್ರ ಕಪ್ ಬೇಕೋ ಗ್ಲಾಸ್ ಬೇಕೋ ಅಂತ ಮಾಡಬೇಕು.

ಮಾಟುಂಗದ ಭಟ್ರು

ಮೇಷ್ಟ್ರ ಲೆಕ್ಕ ಇರ್ಲಿ. ನಾನು ಬೇರೆ ಹೇಳ್ತೇನೆ. ಮಾವನವರು ಹೇಳಿದ್ದು ರುಚಿಯಲ್ಲಿ ಅಲ್ಲ, ದಪ್ಪದಲ್ಲಿ ಅಂತ ನನ್ನ ಗುಮಾನಿ.

ಗ್ರೈಂಡರಿನ ಕಲ್ಲು ನಿಧಾನ ತಿರುಗ್ತದೆ, ಉದ್ದು ಬಿಸಿಯಾಗುದಿಲ್ಲ, ಗಾಳಿ ಸೇರಿ ಬೆಣ್ಣೆ ಹಾಗೆ ಉಬ್ಬುತ್ತದೆ. ಅದರ ಒಂದು ತೊಟ್ಟು ನೀರಿಗೆ ಬಿಟ್ರೆ ತೇಲ್ತದೆ. ಮಿಕ್ಸಿಯ ಬ್ಲೇಡು ಬಿಸಿ ಮಾಡ್ತದೆ, ತಿರುಗ್ಲಿಕ್ಕೆ ಅಂತ ನೀವು ನೀರು ಹಾಕ್ತಾ ಹೋಗ್ತೀರಿ. ಹಾಗಾಗಿ ಮಿಕ್ಸಿ ಹಿಟ್ಟು ಸ್ವಲ್ಪ ತೆಳು. ಒಂದೇ ಸೌಟು ಹೊಯ್ದ್ರೂ ಕಾವಲಿ ಮೇಲೆ ಜಾಸ್ತಿ ಹರಡಿ ತೆಳ್ಳಗಾಗ್ತದೆ. ಬಾಯಿಗೆ ಹಾಕುವ ಮೊದಲು ಬೆರಳಿಗೇ ಗೊತ್ತಾಗ್ತದೆ. ಅವರು ಕೈಯಲ್ಲೇ ತಿಂದದ್ದಲ್ವಾ?

ಏಳನೆಯದು ತಪ್ಪಿದ್ದು ಯಾಕೆ ಅಂತಲೂ ಹೇಳ್ತೇನೆ. ಅಷ್ಟು ಹೊತ್ತಿಗೆ ಕಾವಲಿ ಕಾದು ಕೂತಿತ್ತು. ನೀವು ನೀರು ಚಿಮುಕಿಸಿರ್ಲಿಕ್ಕಿಲ್ಲ. ಗ್ರೈಂಡರ್ ಹಿಟ್ಟೇ ಆದ್ರೂ ಅಡಿ ಒಣಗಿ ಗಟ್ಟಿಯಾಯ್ತು, ಅವರು ಮಿಕ್ಸಿ ಅಂದ್ರು. ಎರಡನೆಯದು ಯಾಕೆ ತಪ್ಪಿತು ಗೊತ್ತಿಲ್ಲ. ಕಾವಲಿ ಇನ್ನೂ ಹದಕ್ಕೆ ಬಂದಿರ್ಲಿಲ್ವೋ ಏನೋ.

ಠಾಣೆ ತನುಜಾ

ಭಟ್ರೇ, ನೀವು ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನಿಂತಿದ್ದಿರಾ? ಮಿಕ್ಸಿಗೆ ಎರಡು ಸಲ ನೀರು ಹಾಕಿದ್ದೆ. ಕೈಯಲ್ಲೇ ತಿಂದಿದ್ದು, ಅದೂ ಮುರಿಯುವ ಮೊದಲು ದೋಸೆಯನ್ನು ಎರಡು ಬೆರಳಲ್ಲಿ ಒತ್ತಿ ನೋಡುತ್ತಿದ್ದರು. ನಾವೆಲ್ಲ ಅದು ಧ್ಯಾನ ಅಂದುಕೊಂಡಿದ್ದೆವು.

ಮಡಗಾಂವ್ ಮಾಣಿ

ಗೋವಾದಿಂದ ನನ್ನದೊಂದು. ಊರು ಶಿರಸಿ. ನಮ್ಮಲ್ಲಿ ತೆಳ್ಳೇವು ಅಂದರೆ ತೆಳ್ಳಗೂ ಹೌದು, ಮೆತ್ತಗೂ ಹೌದು. ಇಲ್ಲಿ ಕೊಂಕಣಿ ಮನೆಯ ಸುರ್ನಳಿ ಮಜ್ಜಿಗೆ ಹಾಕಿ ಮಾಡಿದ್ದು, ದಪ್ಪ, ಜೇನುಗೂಡಿನ ಹಾಗೆ ತೂತು, ಒಂದೇ ಬದಿ ಬೇಯಿಸುತ್ತಾರೆ. ಅದನ್ನು ಗರಿಗರಿ ಮಾಡಿ ಎಂದು ಯಾರೂ ಕೇಳುವುದಿಲ್ಲ. ಹೀಗಾಗಿ ಗರಿಗರಿ ಮೆತ್ತಗೆ ಎಂಬ ಜಗಳ ಹೋಟೆಲ್ಲಿನಿಂದ ಮನೆಗೆ ಬಂದದ್ದು ಎಂದು ನನ್ನ ವಾದ. ಮನೆಯಲ್ಲಿ ದೋಸೆಯ ಹೆಸರೇ ಅದು ಹೇಗಿರಬೇಕೆಂದು ಹೇಳಿಬಿಡುತ್ತದೆ.

ವಾಶಿ ವಸಂತ

ಇದು ಒಪ್ಪಲಾರೆ. ನಮ್ಮಜ್ಜಿ ಹಾಸನದ ಹಳ್ಳಿಯಲ್ಲಿ ಕಬ್ಬಿಣದ ಹಂಚಿನ ಮೇಲೆ ಗರಿಗರಿಯಾಗಿ ಹುಯ್ಯುತ್ತಿದ್ದರು, ಹೋಟೆಲ್ ಮುಖ ನೋಡಿದವರಲ್ಲ. ಸೋಡಾ ಹಾಕುತ್ತಿರಲಿಲ್ಲ ಎಂಬುದನ್ನು ಮಾತ್ರ ಭಟ್ಟರ ಸಲುವಾಗಿ ಒಪ್ಪುತ್ತೇನೆ.

ಅಂಧೇರಿ ಅಭಿ

ನಂದು ನಾನ್‌ಸ್ಟಿಕ್ ತವಾ. ಸೌಟು ತಿರುಗಿಸಿದರೆ ಹಿಟ್ಟೆಲ್ಲ ಸೌಟಿನ ಜೊತೆ ಎದ್ದು ಬರುತ್ತೆ. ಇದಕ್ಕೇನು ಮಾಡೋದು? ಯಾವ ಪಕ್ಷಕ್ಕೆ ಸೇರಲಿ?

ಕೋಥ್ರುಡ್ ಕಾವ್ಯ

ತನುಜಾ ಅವರ ಎರಡನೇ ಪ್ರಶ್ನೆಗೆ ಯಾರೂ ಕೈ ಹಾಕಲಿಲ್ಲ. ನಾನು ಪುಣೆಯಲ್ಲಿ ಮನಶ್ಶಾಸ್ತ್ರ ಓದುತ್ತಿದ್ದೇನೆ, ಇದಕ್ಕೆ ಹತ್ತಿರದ್ದೊಂದು ಪಠ್ಯದಲ್ಲಿದೆ. ಹೆನ್ರಿ ತಾಜ್ಫೆಲ್ ಬ್ರಿಸ್ಟಲ್ ಊರಿನ ಹದಿನಾಲ್ಕು ಹದಿನೈದು ವರ್ಷದ ಶಾಲಾ ಹುಡುಗರಿಗೆ ಕ್ಲೀ ಮತ್ತು ಕ್ಯಾಂಡಿನ್‌ಸ್ಕಿ ಬಿಡಿಸಿದ ಚಿತ್ರಗಳನ್ನು ತೋರಿಸಿ ಯಾವುದು ಇಷ್ಟ ಅಂತ ಕೇಳಿದರು. ಅದರ ಮೇಲೆ ಎರಡು ಗುಂಪು ಮಾಡಿದೆವು ಅಂದರು. ನಿಜವಾಗಿ ಯಾರು ಯಾವ ಗುಂಪಿಗೆ ಅಂತ ಸುಮ್ಮನೆ ಹಂಚಿದ್ದು. 1970ರಲ್ಲಿ ಪ್ರಕಟವಾಯಿತು. ಆ ಹೊತ್ತಿನಲ್ಲಿ ಹುಡುಗರು ಪರಸ್ಪರ ಮಾತಾಡಿಲ್ಲ, ತಮ್ಮ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಗೊತ್ತಿಲ್ಲ. ಆದರೂ ದುಡ್ಡಿನ ಅಂಕ ಹಂಚಲು ಹೇಳಿದಾಗ ತಮ್ಮ ಗುಂಪಿನವರಿಗೆ ಜಾಸ್ತಿ ಕೊಟ್ಟರು. ಇನ್ನೂ ವಿಚಿತ್ರ ಏನೆಂದರೆ, ತಮ್ಮವರಿಗೆ ಕೈಗೆ ಬರುವುದು ಸ್ವಲ್ಪ ಕಡಿಮೆಯಾದರೂ ಪರವಾಗಿಲ್ಲ, ಆಚೆ ಗುಂಪಿಗಿಂತ ಮುಂದಿರಬೇಕು ಅನ್ನೋ ಕಡೆಗೆ ವಾಲಿದರು.

ಅಷ್ಟು ಸಣ್ಣ ಗೆರೆ ಸಾಕು. ದೋಸೆ ಅಂದರೆ ಇನ್ನೂ ದಪ್ಪ ಗೆರೆ.

ಠಾಣೆ ತನುಜಾ

ಕಾವ್ಯ, ಇದು ಜಗಳ ಯಾಕೆ ಹುಟ್ಟುತ್ತದೆ ಅಂತ ಹೇಳಿತು, ಖುಷಿ ಯಾಕೆ ಅಂತ ಹೇಳಲಿಲ್ಲ. ಆಸ್ತಿ ಜಗಳದಲ್ಲೂ ಎರಡು ಗುಂಪೇ ಇತ್ತು, ಯಾರೂ ನಗಲಿಲ್ಲ.

ನನಗನ್ನಿಸುವುದು, ದೋಸೆಯಲ್ಲಿ ಪಕ್ಷ ಬೇರೆ ಬೇರೆಯಾಗಿ ಬೀಳುತ್ತದೆ. ಆಸ್ತಿಯಲ್ಲಿ ದೊಡ್ಡಪ್ಪನ ಮಗ ಆ ಕಡೆ, ನನ್ನ ಗಂಡ ಈ ಕಡೆ. ದೋಸೆಯಲ್ಲಿ ಇಬ್ಬರೂ ಗರಿಗರಿ, ಮಾವನವರೊಬ್ಬರು ಎದುರು. ನಾಲ್ಕು ವರ್ಷದ ನಂತರ ಆ ಇಬ್ಬರು ಒಂದೇ ಪಕ್ಷದಲ್ಲಿ ನಿಂತು "ಹೌದು ಕಣೋ, ಸರಿಯಾಗಿ ಹೇಳಿದೆ" ಅಂದಿದ್ದು ಇದೇ ಮೊದಲು. ಮಾವನವರಿಗೆ ಬೇಜಾರಾಗಬೇಕಿತ್ತು, ಅವರು ಇನ್ನೂ ಉರಿಸುತ್ತಲೇ ಇದ್ದರು. ಅವರಿಗೆ ಇದು ಗೊತ್ತಾಗಿತ್ತು ಅಂತ ನನಗೆ ಗುಮಾನಿ, ಕೇಳಿಲ್ಲ.

ಡೊಂಬಿವಲಿ ಅಕ್ಕ

ಎಲ್ಲಾ ಓದಿದೆ. ಒಬ್ಬರಾದರೂ ಕೇಳಿದಿರಾ, ಎಂಟು ದೋಸೆ ಹುಯ್ದವಳು ಎಷ್ಟು ತಿಂದಳು ಅಂತ?

ನಮ್ಮ ಮನೆಯಲ್ಲೂ ಈ ಮೀಮ್ ಬಂತು, ಎಲ್ಲರೂ ನಕ್ಕರು. ನಾನು ಬೆಳಗ್ಗೆ ಐದೂಮುಕ್ಕಾಲಿಗೆ ಎದ್ದು ದೊಡ್ಡವನಿಗೆ ಗರಿಗರಿ, ಸಣ್ಣವಳಿಗೆ ಮೆತ್ತಗೆ, ಯಜಮಾನರಿಗೆ ಅಂಚು ಗರಿಗರಿ ನಡುವೆ ಮೆತ್ತಗೆ ಮಾಡಿ, ಡಬ್ಬಿ ಕಟ್ಟಿ, ಏಳು ಇಪ್ಪತ್ತರ ಲೋಕಲ್ ಹಿಡಿಯಬೇಕು. ಕೊನೆಗೆ ನನ್ನ ಪಾಲಿಗೆ ಬರುವುದು ತಣ್ಣಗಾದದ್ದು. ಅದು ಯಾವ ಪಕ್ಷವೂ ಅಲ್ಲ. ಈ ಚರ್ಚೆ ಕ್ಷುಲ್ಲಕ ಅನ್ನಿಸುವುದು ತಟ್ಟೆ ಮುಂದೆ ಕೂತವರಿಗೆ.

ಭಟ್ಟರೇ, ಒಂದು ಕೇಳಲೇ? ದೊಡ್ಡವನ ಡಬ್ಬಿಯಲ್ಲಿ ಗರಿಗರಿ ಇಟ್ಟರೆ ಹತ್ತು ಗಂಟೆಗೆ ಒದ್ದೆ ಬಟ್ಟೆಯಾಗಿರುತ್ತದೆ, ಮನೆಗೆ ಬಂದು ನನ್ನ ಮೇಲೆ ಕೂಗುತ್ತಾನೆ.

ಮಾಟುಂಗದ ಭಟ್ರು

ಅಕ್ಕ, ತಪ್ಪಾಯ್ತು. ನಾವು ಹೋಟೆಲಿನವರು ಸಂಬಳಕ್ಕೆ ನಿಂತವರು, ನಿಮ್ಮದು ಬೇರೆ.

ಡಬ್ಬಿಯಲ್ಲಿ ಗರಿಗರಿ ಉಳಿಯುದೇ ಇಲ್ಲ, ಅದು ನಿಮ್ಮ ಕೈ ತಪ್ಪಲ್ಲ. ಬಿಸಿ ದೋಸೆಯೊಳಗೆ ಇನ್ನೂ ಹಬೆ ಉಂಟು. ಮುಚ್ಚಳ ಹಾಕಿದ ಕೂಡಲೇ ಅದು ಮೇಲೆ ನೀರಾಗಿ ದೋಸೆ ಮೇಲೇ ಬೀಳ್ತದೆ. ಹೋಟೆಲಲ್ಲಿ ಕೊಳವೆ ಹಾಗೆ ಸುತ್ತಿ ಕೊಡುದು ಚಂದಕ್ಕೆ ಮಾತ್ರ ಅಲ್ಲ, ಎರಡು ಬದಿಯಿಂದ ಹಬೆ ಹೋಗ್ಲಿಕ್ಕೆ. ಜಾಲರಿ ಮೇಲೆ ಪೂರ್ತಿ ತಣಿಸಿ ಹಾಕಿದ್ರೆ ಒದ್ದೆಯಾಗುದು ಕಮ್ಮಿ. ಆದ್ರೂ ಮುಂಬಯಿ ಮಳೆಗಾಲದಲ್ಲಿ ಗಾಳಿಯೇ ಒದ್ದೆ. ತಟ್ಟೆಯಲ್ಲಿಟ್ಟ ದೋಸೆಯೇ ಐದು ನಿಮಿಷಕ್ಕೆ ಬಗ್ಗುತ್ತದೆ. ಡಬ್ಬಿಗೆ ಎಲ್ಲರಿಗೂ ಮೆತ್ತಗಿನದ್ದೇ ಹಾಕಿ. ಅದು ಮಧ್ಯಾಹ್ನದವರೆಗೆ ಹಾಗೇ ಇರ್ತದೆ. ಗರಿಗರಿ ಬೇಕಾದವ ಭಾನುವಾರ ತಾನೇ ಹುಯ್ದುಕೊಳ್ಳಲಿ.

ಡೊಂಬಿವಲಿ ಅಕ್ಕ

ಈ ಕೊನೆಯ ಸಾಲನ್ನು ಫ್ರಿಜ್ಜಿಗೆ ಅಂಟಿಸುತ್ತೇನೆ. ಕೆಳಗೆ ನಿಮ್ಮ ಇಪ್ಪತ್ತೆಂಟು ವರ್ಷದ ಅನುಭವ ಅಂತಲೂ ಬರೆಯುತ್ತೇನೆ.

ಗೋರೆಗಾಂವ್ ಅಂಕಿ ಮೇಷ್ಟ್ರು

ತನುಜಾ, ಎರಡನೇ ಸುತ್ತು ಮಾಡುವುದಾದರೆ ಮೂರು ಮಾತು. ಕ್ರಮಕ್ಕೆ ಚೀಟಿ ಎತ್ತಿ. ಎರಡೂ ಹಿಟ್ಟನ್ನು ಒಂದೇ ಹದಕ್ಕೆ ತನ್ನಿ, ಚಮಚದಿಂದ ಬೀಳುವುದು ಒಂದೇ ತೆರನಾಗಿರಲಿ. ಮತ್ತೆ ಕೈಯಲ್ಲಿ ಮುಟ್ಟಲು ಬಿಡಬೇಡಿ, ತುಂಡು ಮಾಡಿ ಚಮಚದಲ್ಲಿ ಬಾಯಿಗೆ ಕೊಡಿ. ಹುಯ್ಯುವವರು ಬೇರೆ, ಕೊಡುವವರು ಬೇರೆ ಇದ್ದರೆ ಇನ್ನೂ ಒಳ್ಳೆಯದು, ನಿಮ್ಮ ಮುಖವೋ ದನಿಯೋ ಉತ್ತರ ಹೇಳಿಬಿಡುತ್ತದೆ.

ಠಾಣೆ ತನುಜಾ

ಮೇಷ್ಟ್ರ ನಿಯಮಗಳನ್ನು ಮಾವನವರಿಗೆ ಓದಿ ಹೇಳಿದೆ. ಮೊದಲು, "ಅವತ್ತು ಹೊಸ ಅಕ್ಕಿ, ಅದಕ್ಕೇ ಎರಡು ತಪ್ಪಿತು" ಅಂದರು. ಆಮೇಲೆ, ಚಮಚದಲ್ಲಿ ತಿನ್ನುವುದಾದರೆ ಅದು ದೋಸೆಯೇ ಅಲ್ಲ, ಬೆರಳೂ ನಾಲಿಗೆಯ ಭಾಗವೇ ಅಂದರು. ಇನ್ನು ಇವರನ್ನು ಸೋಲಿಸಲು ಆಗುವುದಿಲ್ಲ ಅಂತ ಗೊತ್ತಾಯಿತು.

ಡೊಂಬಿವಲಿ ಅಕ್ಕ ಬರೆದದ್ದನ್ನೂ ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಸುತ್ತಿನಲ್ಲಿ ಕಣ್ಣಿಗೆ ಶಲ್ಯ ನಿನಗೆ, ಕಾವಲಿ ನನಗೆ ಅಂದರು. ಎಪ್ಪತ್ತೊಂದು ವರ್ಷದಲ್ಲಿ ಮೊದಲ ಸಲ. ನಿನ್ನೆ ಅಭ್ಯಾಸ ಮಾಡಿದರು. ನಾನು ಶಲ್ಯ ಕಟ್ಟಿಕೊಂಡು ಕೂತೆ. ಸುಯ್ ಅಂತ ಶಬ್ದ ಬಂತು, ಆಮೇಲೆ ಕೆರೆಯುವ ಶಬ್ದ, ಆಮೇಲೆ ತುಂಬಾ ಹೊತ್ತು ಕೆರೆಯುವ ಶಬ್ದ. ಶಲ್ಯ ಬಿಚ್ಚಿ ನೋಡಿದರೆ ಮೊದಲ ದೋಸೆ ಕಾವಲಿಯ ಪಕ್ಷ ಸೇರಿತ್ತು.

ಮಾಟುಂಗದ ಭಟ್ರು

ಕಾವಲಿ ಕಾದಿರ್ಲಿಲ್ಲ. ಅರ್ಧ ಈರುಳ್ಳಿಗೆ ಎಣ್ಣೆ ಮುಟ್ಟಿಸಿ ಉಜ್ಜಿ, ನೀರು ಚಿಮುಕಿಸಿ. ಹನಿ ಕುಣಿದು ಹೋಗ್ಬೇಕು, ಆಗ ಹುಯ್ಯಲಿ. ಮೊದಲನೆಯದು ನನ್ನದೂ ಎಷ್ಟೋ ಸಲ ಏಳುದಿಲ್ಲ ಅಂತ ಹೇಳಿ ಅವರಿಗೆ.

ಅಂಧೇರಿ ಅಭಿ

ನನ್ನ ನಾನ್‌ಸ್ಟಿಕ್ ವಿಷಯ ಯಾರೂ ಹೇಳಲೇ ಇಲ್ಲ.

ಮಾಟುಂಗದ ಭಟ್ರು

ನಿಮ್ಮದು ತಿರುಗುಮುರುಗು. ಹುಯ್ಯುವ ಮೊದಲು ಎಣ್ಣೆ ಬೇಡ, ತವಾ ಉಗುರುಬೆಚ್ಚಗಿಂತ ಸ್ವಲ್ಪ ಜಾಸ್ತಿ ಇರುವಾಗಲೇ ಹುಯ್ದು ಎಳೀರಿ, ಆಮೇಲೆ ಉರಿ ಏರಿಸಿ. ಪಕ್ಷ ಆಮೇಲೆ ನೋಡುವ.

ಅಂಧೇರಿ ಅಭಿ

ಥ್ಯಾಂಕ್ಸ್ ಭಟ್ರೇ. ಇವತ್ತು ಇಡ್ಲಿ ಮಾಡ್ಕೊಂಡೆ.